ಉಳಿಯಣ್ಣನ ಎಡಗಡೆ

ಆ ಸ್ಟುಡಿಯೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಬೇಕರಿ ಅಕ್ಕ. ಮೊಬೈಲ್ ಆಟಗಳಿಗೆ ಪಾತ್ರಗಳನ್ನು ಮಾಡಿಕೊಡುವ ಆ ಪುಟ್ಟ ಕಚೇರಿಯಲ್ಲಿ ಅವಳ ಕೆಲಸ ‘ಬೇಕ್’ ಮಾಡುವುದು. ಹೊಸದಾಗಿ ಸೇರಿದವರು ಯಾರಾದರೂ ಬಂದು, "ಅಕ್ಕಾ, ಬಿಸಿಬಿಸಿ ಏನಾದ್ರೂ ಇದ್ಯಾ?" ಎಂದು ಕಿಚಾಯಿಸಿದರೆ, "ಇದೆ, ಕಂಪ್ಯೂಟರ್ ಹಿಂದೆ ಕೈ ಇಟ್ಟು ನೋಡು" ಅನ್ನುವಳು.

ಬೇಯುವುದು ಬೇರೆ ಏನಲ್ಲ, ಮುಖಗಳು. ಶಿಲ್ಪ ಮಾಡುವವನು ಒಂದು ಮುಖವನ್ನು ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಸಣ್ಣ ಚೂರುಗಳಿಂದ, ಅಂದರೆ ಪಾಲಿಗನ್‌ಗಳಿಂದ ಕೆತ್ತಿರುತ್ತಾನೆ. ಚರ್ಮದ ರಂಧ್ರ, ತುಟಿಯ ಬಿರುಕು, ಕಣ್ಣಂಚಿನ ಸುಕ್ಕು ಒಂದನ್ನೂ ಬಿಟ್ಟಿರುವುದಿಲ್ಲ. ಅಷ್ಟು ಭಾರವನ್ನು ಫೋನು ಹೊರಲಾರದು. ಹಾಗಾಗಿ ಅದೇ ಮುಖದ್ದು, ಎಣಿಸಿದರೆ ಮುಗಿಯುವಷ್ಟೇ ಚೂರುಗಳ ಒರಟು ಬೊಂಬೆಯೊಂದನ್ನು ಮಾಡಿ, ಶಿಲ್ಪದ ಉಬ್ಬುತಗ್ಗುಗಳನ್ನೆಲ್ಲ ಒಂದು ಚಿತ್ರಕ್ಕೆ ಇಳಿಸಿ, ಆ ಚಿತ್ರವನ್ನು ಬೊಂಬೆಯ ಮೇಲೆ ಹೊದಿಸಬೇಕು. ಆ ಚಿತ್ರವೇ ನಾರ್ಮಲ್ ಮ್ಯಾಪ್. ಒರಟು ಬೊಂಬೆಯ ಸುತ್ತ ಸ್ವಲ್ಪ ಸಡಿಲವಾದ ಪಂಜರವೊಂದನ್ನು ಎಳೆದರೆ, ಆ ಪಂಜರದಿಂದ ಒಳಕ್ಕೆ ಕಿರಣಗಳು ಹೊರಟು ಶಿಲ್ಪವನ್ನು ತಾಕುತ್ತವೆ. ತಾಕಿದ ಜಾಗ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಬಣ್ಣವಾಗಿ ಚಿತ್ರದಲ್ಲಿ ಕೂರುತ್ತದೆ. ಏರಿಳಿತವಿಲ್ಲದ ಕಡೆ ಬರೀ ತಿಳಿ ನೀಲಿನೇರಳೆ. ಸುಕ್ಕು, ಗಾಯ, ಮಡಿಕೆ ಇದ್ದ ಕಡೆ ಕೆಂಪು ಹಸಿರಿನ ಛಾಯೆಗಳು. ಬೆಳಕು ಬಿದ್ದಾಗ ಫೋನು ಆ ಬಣ್ಣಗಳನ್ನು ನಂಬಿ, ಇಲ್ಲದ ಉಬ್ಬುತಗ್ಗನ್ನು ಇದೆಯೆಂದೇ ತೋರಿಸುತ್ತದೆ.

ಈ ಮುಖಗಳನ್ನೆಲ್ಲ ಕೆತ್ತುತ್ತಿದ್ದವನು ಉಳಿಯಣ್ಣ. ಮರದ ಕೆತ್ತನೆಯಿಂದ ಬದುಕು ಶುರು ಮಾಡಿ, ನಡುವಯಸ್ಸು ದಾಟಿದ ಮೇಲೆ ಕಂಪ್ಯೂಟರಿಗೆ ಬಂದವನು. ಉಳಿ ಬಿಟ್ಟು ಡಿಜಿಟಲ್ ಪೆನ್ನು ಹಿಡಿದರೂ ಹೆಸರು ಮಾತ್ರ ಹಾಗೇ ಅಂಟಿಕೊಂಡಿತ್ತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹೊಲಿಗೆ ಅಂಗಡಿ ಇಟ್ಟಿದ್ದ ತಂಗಿಯ ಮನೆಯ ಮೇಲಂತಸ್ತಿನಲ್ಲಿ ಒಬ್ಬನೇ ಇದ್ದ. ಮುಂಗೋಪಿ. ಆದರೆ ಬೇಕರಿ ಅಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಿರಣಗಳು ಕಿವಿಯ ಬದಲು ಕುತ್ತಿಗೆಗೆ ತಾಕಿ ಚಿತ್ರವೆಲ್ಲ ಕಲಸಿಹೋಗಿ ಅವಳು ಅಳುವ ಹಾಗಾಗಿದ್ದಾಗ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಪಂಜರವನ್ನು ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಸಾವಧಾನವಾಗಿ ಹೇಳಿಕೊಟ್ಟವನು ಅವನೇ. ಅವತ್ತಿನಿಂದ ಅವಳಿಗೆ ಅವನು ಅಣ್ಣ.

ಉಳಿಯಣ್ಣನಿಗೆ ಒಂದು ಹಟವಿತ್ತು. ಮುಖ ಎರಡೂ ಕಡೆ ಒಂದೇ ಥರ ಇರಕೂಡದು. ಬೇರೆ ಸ್ಟುಡಿಯೋಗಳಲ್ಲಿ ಚಿತ್ರದ ಜಾಗ ಉಳಿಸಲೆಂದು ಅರ್ಧ ಮುಖವನ್ನು ಮಾತ್ರ ಬೇಕ್ ಮಾಡಿ, ಅದನ್ನೇ ಕನ್ನಡಿಯಂತೆ ಮಗುಚಿ ಇನ್ನರ್ಧಕ್ಕೂ ಬಳಸುತ್ತಾರೆ. ಆ ಮಾತು ಎತ್ತಿದರೆ ಸಾಕು, ಉಳಿಯಣ್ಣ ಉರಿದು ಬೀಳುತ್ತಿದ್ದ.

"ನಿನ್ನ ಮುಖಾನೇ ಕನ್ನಡೀಲಿ ನೋಡ್ಕೊ. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಎರಡೂ ಸಮ ಇದ್ರೆ ಅದು ಮನುಷ್ಯನ ಮುಖ ಅಲ್ಲ, ತಟ್ಟೆ!"

ತಂಡದ ಮುಖ್ಯಸ್ಥನಿಗೆ ಈ ಹಟ ಕಣ್ಣಿಗೆ ಬಿದ್ದ ಮರಳು. ಅವನನ್ನು ಹುಡುಗರು ಬೆನ್ನ ಹಿಂದೆ ಗಡುವಪ್ಪ ಅನ್ನುತ್ತಿದ್ದರು, ಬಾಯಿ ತೆರೆದರೆ ಗಡುವಿನ ಮಾತೇ. ಕೆಲಸ ಕಡಿಮೆಯಾಗುತ್ತಿತ್ತು. ಒಂದೊಂದೇ ಮೇಜು ಖಾಲಿಯಾಗುತ್ತಿತ್ತು. ಮುಂದಿನ ಸರದಿ ಉಳಿಯಣ್ಣನದು ಎಂದು ಎಲ್ಲರೂ ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದರು.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಕಾವಲುಗಾರನ ಪಾತ್ರವೊಂದು ಬೇಕರಿ ಅಕ್ಕನ ಮೇಜಿಗೆ ಬಂತು. ಎಂದಿನಂತೆ ಪಂಜರ ಎಳೆದಳು, ಬೇಕ್ ಒತ್ತಿದಳು. ಚಿತ್ರ ಬಂದಾಗ ಅವಳ ಹುಬ್ಬು ಗಂಟಿಕ್ಕಿತು. ಮುಖದ ಬಲ ಅರ್ಧದಲ್ಲಿ ಸುಕ್ಕು, ರಂಧ್ರ, ಹಳೆಯ ಮೊಡವೆಯ ಗುಳಿ ಎಲ್ಲ ಕಿಕ್ಕಿರಿದಿದ್ದವು. ಎಡ ಅರ್ಧ ಮಾತ್ರ ಹೆಚ್ಚುಕಡಿಮೆ ಬರೀ ನೀಲಿನೇರಳೆ. ಕಿರಣಗಳು ಎಲ್ಲೋ ತಪ್ಪಿವೆ ಎಂದುಕೊಂಡು ಪಂಜರವನ್ನು ಹಿಗ್ಗಿಸಿದಳು. ಬದಲಾಗಲಿಲ್ಲ. ಆ ಕಡೆಯ ಚೂರುಗಳೇನಾದರೂ ಒಳಮುಖವಾಗಿ ತಿರುಗಿವೆಯೇ ಎಂದು ನೋಡಿದಳು. ಎಲ್ಲ ಸರಿಯಿದ್ದವು. ಕೊನೆಗೆ ಉಳಿಯಣ್ಣನ ಮೂಲ ಶಿಲ್ಪವನ್ನೇ ತೆರೆದು ತಿರುಗಿಸಿ ನೋಡಿದಳು. ತಪ್ಪು ಬೇಕಿನದಲ್ಲ. ಶಿಲ್ಪವೇ ಹಾಗಿತ್ತು.

ಮೂಗು, ದವಡೆ, ಕಣ್ಣುಗುಳಿ ಎರಡೂ ಕಡೆ ಸರಿಯಾಗಿದ್ದವು. ಅವನ್ನು ಮೊದಲ ಹಂತದಲ್ಲಿ, ಒಂದು ಕಡೆ ಕೆತ್ತಿದರೆ ಇನ್ನೊಂದು ಕಡೆ ತಾನಾಗಿ ಮೂಡುವ ಸವಲತ್ತಿನಲ್ಲಿ ಮಾಡುತ್ತಾರೆ. ಸೂಕ್ಷ್ಮ ಕೆಲಸಕ್ಕೆ ಬಂದಾಗ ಉಳಿಯಣ್ಣ ಆ ಸವಲತ್ತನ್ನು ಆರಿಸಿಬಿಟ್ಟು ಒಂದೊಂದು ಕಡೆಯನ್ನೂ ಕೈಯಾರೆ ಕೆತ್ತುತ್ತಿದ್ದ. ಈ ಸಲ ಪರದೆಯ ಎಡಕ್ಕಿದ್ದ ಕೆನ್ನೆಯನ್ನು ಮುಟ್ಟಿಯೇ ಇರಲಿಲ್ಲ. ಹಣೆಯ ಗೆರೆಗಳು ಬಲದಿಂದ ಹೊರಟು ನಡುಮಧ್ಯೆ ಬಂದು ನಿಂತಿದ್ದವು.

ಅವಳು ಎದ್ದು ಅವನ ಮೇಜಿನ ಹತ್ತಿರ ಹೋದಳು.

"ಅಣ್ಣಾ, ಕಾವಲುಗಾರಂದು ಇನ್ನೂ ಕೆಲಸ ಇತ್ತಾ?"

"ಇಲ್ವಲ್ಲ. ಮುಗ್ಸಿ ಕೊಟ್ಟಿದ್ದೀನಿ."

"ಒಂದು ಕಡೆ ಖಾಲಿ ಇದೆ ಅನ್ನಿಸ್ತು."

ಉಳಿಯಣ್ಣ ಶಿಲ್ಪ ತೆರೆದು ನೋಡಿದ. ನೋಡಿಯೇ ನೋಡಿದ. "ಎಲ್ಲಿ ಖಾಲಿ? ಎಲ್ಲಾ ಇದೆ. ನೀನು ಪಂಜರ ಸರಿ ಎಳೆದಿಲ್ಲ ಅಷ್ಟೆ. ಎಷ್ಟು ಸಲ ಹೇಳ್ಕೊಡೋದಮ್ಮಾ ನಿಂಗೆ?"

ಅಕ್ಕಪಕ್ಕದವರು ತಿರುಗಿ ನೋಡಿದರು. ಗಾಜಿನ ಕೋಣೆಯೊಳಗಿಂದ ಗಡುವಪ್ಪನೂ ತಲೆ ಎತ್ತಿದ. ಅಣ್ಣನಿಗೆ ವಯಸ್ಸಾಯಿತು, ಕೈ ಸೋತಿದೆ, ಅದನ್ನು ಒಪ್ಪಿಕೊಳ್ಳಲು ಅಭಿಮಾನ ಬಿಡುತ್ತಿಲ್ಲ ಎಂದೇ ಅವಳು ಅಂದುಕೊಂಡಳು. ಇದು ಗಡುವಪ್ಪನ ಕಿವಿಗೆ ಬಿದ್ದರೆ ನಾಳೆಯೇ ಮೇಜು ಖಾಲಿ.

"ಹೌದಣ್ಣಾ, ನಂದೇ ತಪ್ಪಿರ್ಬೇಕು" ಎಂದು ವಾಪಸ್ಸು ಬಂದಳು.

ಬಂದು, ಅವನು ಜೀವಮಾನವಿಡೀ ಬೈದುಕೊಂಡು ಬಂದ ಕೆಲಸವನ್ನೇ ಮಾಡಿದಳು. ಬೊಂಬೆಯ ಮುಖವನ್ನು ನಡುವೆ ಸೀಳಿ, ಎರಡೂ ಅರ್ಧಗಳನ್ನು ಚಿತ್ರದ ಒಂದೇ ಜಾಗಕ್ಕೆ ಹೊಂದಿಸಿದಳು. ಎಡದ ಅರ್ಧವನ್ನು ಬೇಕ್ ಮುಗಿಯುವ ತನಕ ಚಿತ್ರದ ಚೌಕದ ಆಚೆಗೆ ಸರಿಸಿಟ್ಟಳು. ಇಲ್ಲದಿದ್ದರೆ ಎರಡೂ ಒಂದರ ಮೇಲೊಂದು ಬರೆದುಕೊಂಡು ಕೆಡುತ್ತವೆ. ತುಂಬಿದ್ದ ಬಲಗಡೆ ಮಾತ್ರ ಬೆಂದಿತು. ಮೂಗಿನ ನೇರಕ್ಕೆ ಹೊಲಿಗೆಯಂಥ ಗೆರೆಯೊಂದು ಕಂಡಿತು, ಅದನ್ನು ತಿದ್ದಿ ಅಳಿಸಿದಳು. ಬೊಂಬೆಗೆ ಹೊದಿಸಿ ನೋಡಿದರೆ ಎರಡು ಕೆನ್ನೆಯಲ್ಲೂ ಅದೇ ಸುಕ್ಕು, ಅದೇ ಗುಳಿ. ಫೋನಿನ ಪರದೆಯಲ್ಲಿ ಹೆಬ್ಬೆರಳಿನಷ್ಟು ಕಾಣುವ ಮುಖದಲ್ಲಿ ಅದನ್ನು ಯಾರು ನೋಡುತ್ತಾರೆ?

ಗಡುವಪ್ಪ ಖುಷಿಯಾಗಿಬಿಟ್ಟ. "ಅರ್ಧ ಜಾಗದಲ್ಲೇ ಕೆಲಸ ಆಯ್ತಲ್ಲ! ಇಷ್ಟು ದಿನ ಯಾಕೆ ಮಾಡಿರ್ಲಿಲ್ಲ ಇದನ್ನ? ಇನ್ಮೇಲೆ ಎಲ್ಲಾ ಪಾತ್ರಕ್ಕೂ ಹೀಗೇ ಮಾಡಿ."

ಅವಳಿಗೆ ಭಯವಿದ್ದದ್ದು ಉಳಿಯಣ್ಣನದು. ಮಧ್ಯಾಹ್ನ ಅವನು ಅವಳ ಹಿಂದೆ ಬಂದು ನಿಂತಾಗ, ಬೈಗುಳಕ್ಕೆ ತಯಾರಾಗಿ ಹೆಗಲು ಕುಗ್ಗಿಸಿ ಕೂತಳು. ಕಾವಲುಗಾರನ ಮುಖ ಪರದೆಯ ತುಂಬ ಇತ್ತು. ಕುರುಡನಿಗೂ ಗೊತ್ತಾಗುವ ಹಾಗೆ ಎರಡೂ ಕೆನ್ನೆಯಲ್ಲಿ ಒಂದೇ ಗುಳಿ.

"ಚೆನ್ನಾಗಿ ಬಂದಿದೆ ಕಣಮ್ಮಾ" ಎಂದ ಉಳಿಯಣ್ಣ. ಹೋಗುವಾಗ ಅವನ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು.

ಅವಳಿಗೆ ಆಗ ಆದದ್ದು ನೆಮ್ಮದಿ. ಬೈಯಲಿಲ್ಲವಲ್ಲ ಎಂಬ ನೆಮ್ಮದಿ. ಯಾಕೆ ಬೈಯಲಿಲ್ಲ ಎಂದು ಕೇಳಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ.

ಆಮೇಲೆ ಬಂದ ಪಾತ್ರಗಳೆಲ್ಲ ಹಾಗೇ ಬಂದವು. ಬೇಟೆಗಾರ, ಕಮ್ಮಾರ, ಸೈನಿಕರು. ಪ್ರತಿಯೊಂದರಲ್ಲೂ ಎಡಗಡೆ ಇನ್ನಷ್ಟು ನುಣ್ಣಗಾಗುತ್ತಿತ್ತು. ಕಮ್ಮಾರನ ವೇಳೆಗೆ ಮೂಗಿನ ಹೊಳ್ಳೆಯ ಮಡಿಕೆಯೂ ಒಂದೇ ಕಡೆ. ಬೇಕರಿ ಅಕ್ಕ ಬಲಗಡೆಯನ್ನು ಬೇಯಿಸುವಳು, ಮಗುಚುವಳು, ಮುಂದಕ್ಕೆ ಕಳಿಸುವಳು. ಕೆಲಸ ಸಲೀಸಾಗಿ ಸಾಗಿತು. ಉಳಿಯಣ್ಣ ಊಟದ ಡಬ್ಬಿಯಲ್ಲಿ ಅರ್ಧ ಊಟ ಬಿಟ್ಟು ಮುಚ್ಚಳ ಹಾಕುತ್ತಿದ್ದ. ಗಡ್ಡ ಒಂದು ಕೆನ್ನೆಯಲ್ಲಿ ಉಳಿದಿರುತ್ತಿತ್ತು. ಹುಡುಗರು, "ಏನ್ ಉಳಿಯಣ್ಣಾ, ಹೊಸ ಫ್ಯಾಷನ್ನಾ?" ಎಂದು ನಕ್ಕರೆ ಅವನೂ ನಗುತ್ತಿದ್ದ. ಬೇಕರಿ ಅಕ್ಕನೂ ನಕ್ಕಿದ್ದಳು.

ಅಷ್ಟರಲ್ಲಿ ಆಟದ ಮುಖ್ಯ ಪಾತ್ರ ಬಂತು. ದೋಣಿ ನಡೆಸುವ ಮುದುಕಿ. ಅವಳ ಒಂದು ಕೆನ್ನೆ ಸುಟ್ಟುಹೋಗಿದೆ. ದೋಣಿಯ ದೀಪ ಆ ಕಡೆಗೆ ಬಂದಾಗ ಮಾತ್ರ ಗಾಯ ಕಾಣಬೇಕು, ಅದನ್ನು ಕಂಡ ಮೇಲೆಯೇ ಆಟದ ಕಥೆ ಮುಂದುವರಿಯಬೇಕು. ಆಟ ಮಾಡಿಸುತ್ತಿದ್ದವರು ಕಳಿಸಿದ ಚಿತ್ರದಲ್ಲಿ ಗಾಯ ಪರದೆಯ ಎಡಕ್ಕಿತ್ತು. ಈ ಮುಖವನ್ನು ಮಗುಚುವ ಹಾಗಿರಲಿಲ್ಲ. ಮಗುಚಿದರೆ ಎರಡೂ ಕೆನ್ನೆ ಸುಟ್ಟಂತೆ ಆಗುತ್ತದೆ.

ಉಳಿಯಣ್ಣ ಗಾಯವನ್ನು ಬಲಕ್ಕೆ ಕೆತ್ತಿದ. ಅದೆಂಥ ಗಾಯ! ಚರ್ಮ ಕರಗಿ ಬಿಗಿದುಕೊಂಡು, ತುಟಿಯ ಮೂಲೆಯನ್ನು ಮೇಲಕ್ಕೆಳೆದು, ಕಿವಿಯ ತುದಿಯನ್ನು ತಲೆಗೆ ಅಂಟಿಸಿದ ಹಾಗಿತ್ತು. ನೋಡಿದವರಿಗೆ ತಮ್ಮ ಕೆನ್ನೆಯೇ ಚುರುಗುಟ್ಟಬೇಕು. ಆದರೆ ಕಡೆ ತಪ್ಪು. ವಾಪಸ್ಸು ಬಂತು. ತಿದ್ದುತ್ತೇನೆಂದು ತೆಗೆದುಕೊಂಡು ಹೋದವನು ಮತ್ತೆ ಬಲದಲ್ಲೇ ಗಾಯವನ್ನು ಇನ್ನಷ್ಟು ಆಳ ಮಾಡಿ ತಂದ. ಗಡುವಪ್ಪ ಎಲ್ಲರೆದುರು ಕೂಗಾಡಿದ.

"ಎಡ ಬಲ ಗೊತ್ತಾಗಲ್ವೇನ್ರೀ ನಿಮಗೆ? ಚಿಕ್ಕ ಮಕ್ಕಳಿಗೂ ಗೊತ್ತಿರುತ್ತೆ!"

ಉಳಿಯಣ್ಣ ಶಿಲ್ಪವನ್ನು ಬೇಕರಿ ಅಕ್ಕನಿಗೆ ಕಳಿಸಿ, ಪಕ್ಕದ ಕುರ್ಚಿಯಲ್ಲಿ ಬಂದು ಕೂತ. "ಒಂದ್ಸಲ ಬೇಕ್ ಮಾಡಿ ತೋರಿಸಮ್ಮಾ. ಸರಿಯಾಗೇ ಇದೆ. ಅವನಿಗೆ ನನ್ನ ಕಂಡ್ರೆ ಆಗಲ್ಲ."

ಅವಳು ಬೇಕ್ ಮಾಡಿದಳು. ಪೂರ್ತಿ ಮುಖ, ಮಗುಚದೆ. ಚಿತ್ರ ನಿಧಾನಕ್ಕೆ ತುಂಬಿಕೊಂಡು ಬಂತು. ಬಲಗಡೆ ಬೆಂಕಿಯ ಜಾಡೆಲ್ಲ ಕೆಂಪು ಹಸಿರಿನಲ್ಲಿ ಕುದಿಯುತ್ತಿತ್ತು. ಎಡಗಡೆ ನೀಲಿನೇರಳೆ ಬಯಲು. ಒಂದು ಗೀರಿಲ್ಲ. ಶಿಲ್ಪವನ್ನೇ ಎಡಬಲ ತಿರುಗಿಸಿಬಿಟ್ಟರೆ ಗಾಯ ಸರಿಯಾದ ಕಡೆಗೆ ಬರುತ್ತದೆ ಎಂದು ಅವಳ ಕೈ ಆಗಲೇ ಲೆಕ್ಕ ಹಾಕುತ್ತಿತ್ತು. ಯಾಕೋ ಕೈ ನಿಂತಿತು.

"ಅಣ್ಣಾ, ಗಾಯ ಎಲ್ಲಿದೆ?"

ಅವನು ಬೆರಳಿಟ್ಟು ತೋರಿಸಿದ. "ಇಲ್ಲಿ."

"ಆ ಕಡೆ ಕೆನ್ನೇಲಿ ಏನಿದೆ?"

"ಯಾವ ಕಡೆ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಮೊಂಡುತನವೂ ಅಲ್ಲ. ಮುಖ ಮುಗಿದ ಮೇಲೆ ಇನ್ನೊಂದು ಕಡೆ ಎಲ್ಲಿಂದ ಬರುತ್ತದೆ ಎಂಬಂತೆ, ನಿಜವಾಗಿಯೂ ತಿಳಿಯದೆ ಕೇಳಿದ್ದ. ಅವಳು ತನ್ನ ಚಹಾದ ಲೋಟವನ್ನು ಎತ್ತಿ ಅವನ ಎಡಗೈ ಪಕ್ಕಕ್ಕೆ ಇಟ್ಟಳು.

"ಚಹಾ ಕುಡಿಯಣ್ಣಾ."

"ಕೊಡು" ಎಂದು ಅವನು ಬಲಗೈ ಚಾಚಿಕೊಂಡು ಕಾಯುತ್ತ ಕೂತ. ಲೋಟದಿಂದ ಆವಿ ಏಳುತ್ತಿತ್ತು.

ಅವತ್ತೇ ಅವಳು ಹೊಲಿಗೆ ಅಂಗಡಿಗೆ ಫೋನು ಮಾಡಿ ಅವನ ತಂಗಿಯನ್ನು ಕರೆಸಿಕೊಂಡಳು. ಇಬ್ಬರೂ ಸೇರಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. "ನಂಗೇನಾಗಿದೆ ಅಂತ?" ಎಂದು ದಾರಿಯುದ್ದಕ್ಕೂ ಅವನ ಗೊಣಗಾಟ. ಸ್ಕ್ಯಾನ್ ಆಯಿತು. ಮೆದುಳಿನ ಬಲಭಾಗದಲ್ಲಿ ಗಡ್ಡೆ. ಕಣ್ಣು ಎಡಗಡೆಯನ್ನು ಕಾಣುತ್ತದೆ, ಆದರೆ ಎಡಗಡೆ ಎಂಬುದೊಂದು ಇದೆ ಎನ್ನುವುದನ್ನೇ ಮೆದುಳು ಮರೆಯುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು.

"ಯಾವಾಗಿಂದ ಹೀಗಿದೆ?" ಎಂದು ಅವರು ಕೇಳಿದಾಗ ತಂಗಿ, "ಈಗೀಗ ಡಾಕ್ಟ್ರೇ. ಮೊನ್ನೆ ಮೆಟ್ಟಿಲಲ್ಲಿ ಎಡವಿದ. ಅದಕ್ಕೆ ಮುಂಚೆ ಚೆನ್ನಾಗೇ ಇದ್ದ" ಎಂದಳು.

ಬೇಕರಿ ಅಕ್ಕ ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಇಲ್ಲ, ತುಂಬಾ ಮುಂಚಿಂದ" ಎಂದು ಅವಳು ಫೋನು ತೆಗೆದಳು. ಮಗುಚುವ ಮುಂಚೆ ಪ್ರತಿ ಪಾತ್ರಕ್ಕೂ ಅವಳು ಒಮ್ಮೆ ಪೂರ್ತಿ ಮುಖ ಬೇಕ್ ಮಾಡಿ ನೋಡುತ್ತಿದ್ದಳು, ಎಡಗಡೆ ಈ ಸಲವಾದರೂ ತುಂಬಿದೆಯೇನೋ ಎಂಬ ಆಸೆಗೆ. ಫೋನಿನಲ್ಲಿ ಹೇಗೆ ಕಾಣುತ್ತದೆಂದು ಹಾಕಿಕೊಂಡಿದ್ದ ಆ ಚಿತ್ರಗಳೆಲ್ಲ ಅದರಲ್ಲೇ ಇದ್ದವು. ಕಾವಲುಗಾರ, ಬೇಟೆಗಾರ, ಕಮ್ಮಾರ. ಡಾಕ್ಟರು ಒಂದೊಂದನ್ನೇ ಸರಿಸಿ ನೋಡಿದರು. ನೀಲಿನೇರಳೆ ಹೇಗೆ ಕೆನ್ನೆಯಿಂದ ಮೂಗಿನ ಹೊಳ್ಳೆಯವರೆಗೆ ಒತ್ತಿಕೊಂಡು ಬಂದಿದೆ ಎಂಬುದಕ್ಕೆ ವಿವರಣೆಯೇ ಬೇಕಿರಲಿಲ್ಲ.

"ಇಷ್ಟು ಹಿಂದೇನೇ ಬಂದಿದ್ರೆ..." ಎಂದು ಶುರುಮಾಡಿದ ಡಾಕ್ಟರು ಅವಳ ಮುಖ ನೋಡಿ ತಡೆದರು. "ಹೇಳೋಕಾಗಲ್ಲ. ಆಗ್ಲೂ ಕಷ್ಟಾನೇ ಇತ್ತೇನೋ. ಸ್ವಲ್ಪ ಕಾಲ ಸಿಕ್ತಿತ್ತೋ ಏನೋ."

ಹೊರಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ತಂಗಿ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಆ ಚಿತ್ರಗಳು ಏನು? ನಂಗೆ ಅರ್ಥ ಆಗೋ ಹಾಗೆ ಹೇಳಿ."

ಅವಳು ಹೇಳಿದಳು. ಖಾಲಿ ಕೆನ್ನೆ, ತಾನು ಮಗುಚಿದ್ದು, ಅಣ್ಣನ ಕೆಲಸ ಉಳಿಯಲಿ ಎಂದು ಯಾರಿಗೂ ಹೇಳದಿದ್ದದ್ದು, ಎಲ್ಲ.

"ಅಂದ್ರೆ ನಿಮಗೆ ಗೊತ್ತಿತ್ತು."

"ಕಾಯಿಲೆ ಅಂತ ಗೊತ್ತಿರ್ಲಿಲ್ಲ ಅಕ್ಕಾ. ಆಣೆ ಮಾಡಿ ಹೇಳ್ತೀನಿ."

"ಏನೋ ಇದೆ ಅಂತ ಗೊತ್ತಿತ್ತಲ್ಲ. ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ? ಒಂದೇ ಒಂದು ಫೋನು?" ತಂಗಿಯ ದನಿ ಏರಲಿಲ್ಲ. "ದಿನಾ ಬೆಳಿಗ್ಗೆ ಅವನಿಗೆ ನಾನೇ ಊಟ ಕಟ್ಟಿ ಕೊಡ್ತಿದ್ದೆ. ಅರ್ಧ ವಾಪಸ್ ತರ್ತಿದ್ದ. ರುಚಿ ಹಿಡಿಸ್ತಿಲ್ಲ ಅಂದ್ಕೊಂಡು ನಾನು ಉಪ್ಪು ಖಾರ ಬದಲಾಯಿಸ್ತಿದ್ದೆ. ನಂಗೆ ತೋರಿಸೋಕೆ ಯಾರೂ ಇರ್ಲಿಲ್ಲ. ನಿಮ್ಮ ಕಣ್ಮುಂದೆ ಚಿತ್ರದ ಥರ ಇತ್ತಲ್ರೀ."

ತಂಗಿ ತೋಳು ಬಿಟ್ಟು ಅಣ್ಣನಿದ್ದ ಕೋಣೆಗೆ ನಡೆದಳು.

ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆ ಪೂರ್ತಿ ಬರಲಿಲ್ಲ. ಉಳಿಯಣ್ಣ ಮನೆಗೆ ಮರಳಿದ, ಆದರೆ ಮೇಲಂತಸ್ತು ಹತ್ತಲಾರದೆ ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲಿ ಮಲಗಿದ. ಬೇಕರಿ ಅಕ್ಕ ನೋಡಲು ಹೋದಾಗ ತಂಗಿ ಬಾಗಿಲು ತೆರೆದು, ಬೆನ್ನು ತಿರುಗಿಸಿ ಒಳಗೆ ಹೋಗಿಬಿಡುವಳು. ಅವಳು ಅವನ ಬಲಕ್ಕೆ ಕೂರುವಳು. ಎಡಕ್ಕೆ ಕೂತರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ.

"ಮುದುಕಿ ಕೆಲಸ ಏನಾಯ್ತು?" ಎಂದು ಒಮ್ಮೆ ಕೇಳಿದ.

"ಆಯ್ತಣ್ಣಾ. ಒಪ್ಕೊಂಡ್ರು."

ಅದು ನಿಜವಾಗಿತ್ತು. ಹೊಸಬರಿಂದ ಕೆತ್ತಿಸುವಷ್ಟು ಸಮಯವಿಲ್ಲ, ಇರುವುದನ್ನೇ ತಿರುಗಿಸಿ ಹಾಕು ಎಂದು ಗಡುವಪ್ಪ ಹೇಳಿದ್ದ. ಅವಳು ಶಿಲ್ಪವನ್ನು ಎಡಬಲ ತಿರುಗಿಸಿದಳು. ಖಾಲಿ ಕೆನ್ನೆಗೆ ಸಿದ್ಧ ಚರ್ಮದ ನಮೂನೆಯೊಂದನ್ನು ಒತ್ತಿ, ಬೇಯಿಸಿ ಕಳಿಸಿದಳು. ಕೆಲಸ ಅಚ್ಚುಕಟ್ಟಾಗಿಯೇ ಬಂತು. ಆ ಅಚ್ಚುಕಟ್ಟು ಅವಳಿಗೆ ಹೇಸಿಗೆ ತರಿಸಿತು.

ಚಳಿ ಕಳೆಯುವ ಮೊದಲೇ ಉಳಿಯಣ್ಣ ತೀರಿಕೊಂಡ. ಸ್ಟುಡಿಯೋದಿಂದ ಹೋದವರು ಕೆಲವರೇ. ಗಡುವಪ್ಪ ಹೂವು ಕಳಿಸಿದ್ದ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅವನ ತಂಗಿಯೇ ಸ್ಟುಡಿಯೋಗೆ ಬಂದಳು. ಹೆಗಲ ಮೇಲೆ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯುವುದನ್ನು ಮರೆತು ಬಂದಿದ್ದಳು.

"ಅವನು ಮಾಡಿದ ಮುಖಗಳನ್ನ ನೋಡ್ಬೇಕಿತ್ತು. ಒಂದನ್ನಾದ್ರೂ ಮನೆಗೆ ತಗೊಂಡು ಹೋಗೋಕಾಗುತ್ತಾ?"

ಮೂಲ ಶಿಲ್ಪಗಳು ಆಟ ಮಾಡಿಸಿದವರ ಸ್ವತ್ತು. ಕೆಲಸ ಮುಗಿದ ಮೇಲೆ ಅವನ್ನೆಲ್ಲ ಅವರಿಗೆ ಒಪ್ಪಿಸಿ ಇಲ್ಲಿಂದ ಅಳಿಸಿಯಾಗಿತ್ತು. ಉಳಿದದ್ದು ಆಟದೊಳಗೆ ಇದ್ದಷ್ಟೇ. ಇದನ್ನು ಹೇಳುವಾಗ ಬೇಕರಿ ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. ತಂಗಿಯ ಫೋನಿಗೆ ಆಟವನ್ನು ಹಾಕಿಕೊಟ್ಟು, ದೋಣಿಯ ಮುದುಕಿ ಬರುವ ತನಕ ತಾನೇ ಆಡಿ, ಫೋನನ್ನು ಅವಳ ಕೈಗಿತ್ತಳು.

ದೋಣಿ ಬಂತು. ದೀಪ ತೂಗಿತು. ಮುದುಕಿಯ ಕೆನ್ನೆಯ ಸುಟ್ಟ ಚರ್ಮ ಒಂದು ಕ್ಷಣ ಹೊಳೆದು ಮತ್ತೆ ಕತ್ತಲಿಗೆ ಸರಿಯಿತು. ತಂಗಿ ಕನ್ನಡಕ ಏರಿಸಿಕೊಂಡು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಇದು ಅವನು ಮಾಡಿದ್ದಾ?"

"ಗಾಯ ಪೂರ್ತಿ ಅವನದೇ. ಒಂದು ಗೆರೇನೂ ನಾನು ಮುಟ್ಟಿಲ್ಲ."

"ಈಚೆ ಕೆನ್ನೆ?"

"ಅದು ನಾನು ತುಂಬಿಸಿದ್ದು."

ತಂಗಿ ಪಕ್ಕದ ಕುರ್ಚಿಯಲ್ಲಿ ಕೂತು, ದೀಪ ಮತ್ತೆ ಆ ಕಡೆಗೆ ಬರುವುದನ್ನು ಕಾಯತೊಡಗಿದಳು. ಬೇಕರಿ ಅಕ್ಕ ನಿಂತೇ ಇದ್ದಳು. ಗಡುವಪ್ಪ ಕೋಣೆಯಿಂದ ಹೊರಬಂದು, "ಸಂಜೆಯೊಳಗೆ ಹೊಸ ಆಟದ ಆ ಮೂವರು ಸೈನಿಕರನ್ನ ಬೇಕ್ ಮಾಡಿ ಕೊಡ್ತೀರಲ್ಲ?" ಎಂದು ಕೇಳಿ ಹೋದ. ಅವಳು ಹೂಂ ಎಂದಳು.